ನೂರು ಜನ, ಮಧ್ಯಾಹ್ನದ ಬಿಸಿಲು: ನೀರೆಷ್ಟು, ಐಸ್ ಎಷ್ಟು?

ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಗೃಹಪ್ರವೇಶ ಇಟ್ಟುಕೊಂಡವರು ಅಕ್ಕಿ ಎಷ್ಟು, ಬೇಳೆ ಎಷ್ಟು ಅಂತ ಅಡುಗೆ ಭಟ್ಟರನ್ನು ಹತ್ತು ಸಲ ಕೇಳುತ್ತಾರೆ. ನೀರಿನ ಮಾತು ಬಂದರೆ ‘ಐದಾರು ಕ್ಯಾನ್ ಹೇಳಿಬಿಡಿ’ ಅಂತ ಮುಗಿಸುತ್ತಾರೆ. ಶಾಮಿಯಾನದ ಕೆಳಗಿನ ಸೆಕೆಗೆ ಆ ಐದಾರು ಕ್ಯಾನ್ ಎರಡನೇ ಪಂಕ್ತಿ ಏಳುವ ಹೊತ್ತಿಗೆ ಖಾಲಿ.

ಸರಿಯಾಗಿ ಲೆಕ್ಕ ಹಾಕೋಣ. ಜನ ಹನ್ನೊಂದೂವರೆಗೆ ಬಂದು ಮೂರೂವರೆಗೆ ಹೊರಡುತ್ತಾರೆ ಅಂದುಕೊಳ್ಳಿ. ಬಿಸಿಲಿನಿಂದ ಒಳಗೆ ಬಂದ ಕೂಡಲೇ ಒಂದು ದೊಡ್ಡ ಲೋಟ, ಅಂದರೆ ಕಾಲು ಲೀಟರ್. ಊಟದ ಜೊತೆ ಅರ್ಧ ಲೀಟರ್. ಊಟವಾಗಿ ಮಾತಾಡುತ್ತಾ ಕೂತಾಗ ಇನ್ನರ್ಧ ಲೀಟರ್. ತಲೆಗೆ ಒಂದೂಕಾಲು ಲೀಟರ್ ಆಯಿತು, ನೂರು ಜನಕ್ಕೆ 125 ಲೀಟರ್. ಆದರೆ ಪೇಪರ್ ಲೋಟ ತುಂಬಿಸಿಕೊಂಡು ಎರಡು ಗುಟುಕು ಕುಡಿದು ಎಲ್ಲೋ ಇಟ್ಟು ಮರೆಯುವುದು ನಮ್ಮ ಜನರ ರೂಢಿ ಅಲ್ವಾ? ಅದಕ್ಕೆ 25 ಲೀಟರ್ ಸೇರಿಸಿ. 150 ಲೀಟರ್ ಅಂದರೆ 20 ಲೀಟರಿನ ಎಂಟು ಕ್ಯಾನ್. ತಲೆಗೊಂದು ಲೋಟ ಮಜ್ಜಿಗೆ ಕೊಡುವುದಾದರೆ ಆರೇಳು ಲೀಟರ್ ಮೊಸರಿನ ಜೊತೆ ಇನ್ನೊಂದು ಕ್ಯಾನ್ ಬೇಕು. ಸೀಲ್ ಒಡೆಯದ ಒಂದು ಕ್ಯಾನ್ ಕೈಯಲ್ಲಿರಲಿ. ಒಟ್ಟು ಹತ್ತು. ಕೈ ತೊಳೆಯಲು, ಅಡುಗೆಗೆ ಬೇಕಾದ ನೀರು ಇದರಲ್ಲಿ ಸೇರಿಲ್ಲ. ತಿಂಡಿಗೆ ಮಂಡಕ್ಕಿ-ಮಿರ್ಚಿ ಇದ್ದರೆ ಎರಡು ಕ್ಯಾನ್ ಜಾಸ್ತಿ ಹೇಳಿ, ಖಾರ ಸುಮ್ನೆ ಬಿಡುವುದಿಲ್ಲ.

ಈಗ ಐಸ್. ಎಲ್ಲಾ ನೀರನ್ನೂ ತಣ್ಣಗೆ ಮಾಡಬೇಕಾಗಿಲ್ಲ. ವಯಸ್ಸಾದವರು, ಗಂಟಲು ಕೆಟ್ಟವರು ‘ಸಾದಾ ನೀರು ಕೊಡಪ್ಪಾ’ ಅನ್ನುತ್ತಾರೆ. ನಾಲ್ಕು ಕ್ಯಾನ್, ಅಂದರೆ 80 ಲೀಟರ್ ತಣ್ಣಗಿದ್ದರೆ ಸಾಕು. 35 ಡಿಗ್ರಿಯ ನೀರನ್ನು 15ಕ್ಕೆ ಇಳಿಸಲು ಲೆಕ್ಕದ ಪ್ರಕಾರ ಐದು ಲೀಟರಿಗೆ ಒಂದು ಕೆಜಿಗಿಂತ ತುಸು ಹೆಚ್ಚು ಐಸ್ ಬೇಕು. 80 ಲೀಟರಿಗೆ ಸುಮಾರು 17 ಕೆಜಿ. ಆದರೆ ಗಾಡಿಯಲ್ಲಿ ಬರುವಾಗ, ಟಬ್ಬಿನಲ್ಲಿ ಕೂತಾಗ ಬಿಸಿಗಾಳಿಗೂ ಐಸ್ ಕರಗುತ್ತದೆ. ಹಾಗಾಗಿ 40 ಕೆಜಿ ಗಡ್ಡೆ ಐಸ್ ತರಿಸಿ. ಮಜ್ಜಿಗೆ, ಪಾನಕಕ್ಕೆ ಹಾಕಲು ಪ್ಯಾಕೆಟ್ಟಿನ ಐಸ್ ಕ್ಯೂಬ್ 10 ಕೆಜಿ ಬೇರೆ. ತಲೆಗೆ ಅರ್ಧ ಕೆಜಿ ಅಂತ ನೆನಪಿಟ್ಟುಕೊಳ್ಳಿ.

ಈ ಎರಡನ್ನೂ ಬೆರೆಸಬೇಡಿ. ಗಡ್ಡೆ ಐಸ್ ಹೆಚ್ಚಾಗಿ ಮೀನು, ಹಾಲಿನ ಸಾಗಾಟಕ್ಕೆ ಮಾಡಿದ್ದು. ಅದಕ್ಕೆ ಯಾವ ನೀರು ಹಾಕಿದ್ದಾರೋ ಗೊತ್ತಾಗುವುದಿಲ್ಲ. ಗಾಜಿನಂತೆ ಹೊಳೆದ ಮಾತ್ರಕ್ಕೆ ಅದು ಶುದ್ಧ ಅಂತಲ್ಲ. ಅದು ಪಾತ್ರೆಯ ಹೊರಗೇ ಇರಲಿ. ಲೋಟಕ್ಕೆ ಬೀಳುವ ಐಸ್ ಸೀಲಾದ ಪ್ಯಾಕೆಟ್ಟಿನದ್ದೇ ಆಗಬೇಕು. ಪ್ಯಾಕೆಟ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಇದೆಯಾ ನೋಡಿ.

ಐಸ್ ಬೆಳಿಗ್ಗೆ ಹತ್ತರ ಹೊತ್ತಿಗೆ ಬಂದರೆ ಸಾಕು, ಹಿಂದಿನ ರಾತ್ರಿ ತಂದರೆ ಅರ್ಧ ಮೋರಿಗೆ. ಬಂದ ಗಡ್ಡೆಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ನೆರಳಲ್ಲಿ ಎರಡು ಇಟ್ಟಿಗೆಯ ಮೇಲಿಟ್ಟು, ಸುತ್ತಲೂ ಒಣ ಭತ್ತದ ಹೊಟ್ಟು ತುಂಬಿದ ಗೋಣಿಚೀಲ ಒತ್ತಿಡಿ. ಅಕ್ಕಿ ಗಿರಣಿಗಳಿರುವ ನಮ್ಮೂರಲ್ಲಿ ಹೊಟ್ಟಿಗೇನು ಬರ? ಕರಗಿದ ನೀರು ಕೆಳಗೆ ಹರಿದು ಹೋಗಲಿ. ಚೀಲ ಒದ್ದೆಯಾದರೆ ಬಿಸಿ ತಡೆಯುವ ಗುಣ ಹೋಗುತ್ತದೆ. ಫ್ಯಾನ್ ಗಾಳಿ ಐಸಿನ ಕಡೆ ಬೀಸಬಾರದು.

ತಣ್ಣಗೆ ಮಾಡುವ ಟಬ್ಬಿನಲ್ಲಿ ಮಾತ್ರ ಉಲ್ಟಾ. ಅಲ್ಲಿ ಕರಗಿದ ನೀರನ್ನು ಚೆಲ್ಲಬೇಡಿ. ನೀರಿಲ್ಲದ ಬರೀ ಐಸ್ ಚೂರು ಪಾತ್ರೆಗೆ ಅಲ್ಲೊಂದು ಇಲ್ಲೊಂದು ಕಡೆ ತಾಗುತ್ತದೆ, ಐಸ್ ತೇಲುವ ನೀರು ಸುತ್ತಲೂ ತಾಗುತ್ತದೆ. ಮೊದಲು ಟಬ್ಬಿಗೆ ಒಂದು ಬಕೆಟ್ ನಲ್ಲಿಯ ನೀರು, ಅದಕ್ಕೆ ಮುಷ್ಟಿ ಗಾತ್ರಕ್ಕೆ ಒಡೆದ ಐಸ್. ಕ್ಯಾನನ್ನೇ ಇಡಬೇಡಿ. ದಪ್ಪ ಪ್ಲಾಸ್ಟಿಕ್ಕಿನೊಳಗೆ ನೀರು ಬೇಗ ತಣಿಯುವುದಿಲ್ಲ. ಸ್ಟೀಲ್ ಕೊಡಗಳಿಗೆ ಸುರಿದು, ಮುಚ್ಚಳ ಹಾಕಿ, ಕತ್ತಿನವರೆಗೆ ಮುಳುಗಿಸಿ. ಆಗಾಗ ಶುದ್ಧ ಸೌಟಿನಿಂದ ಒಳಗಿನ ನೀರನ್ನು ತಿರುವಿ. ಅರ್ಧ-ಮುಕ್ಕಾಲು ಗಂಟೆಯಲ್ಲಿ ಕೊಡದ ಹೊರಗೆ ಬೆವರಿನ ಹನಿ ಕಂಡರೆ ನೀರು ಬಡಿಸಬಹುದು. 40 ಕೆಜಿಯನ್ನೂ ಒಂದೇ ಸಲ ಸುರಿಯಬೇಡಿ. ಮೊದಲು 15 ಕೆಜಿ, ಟಬ್ಬಿನಲ್ಲಿ ಚೂರು ಕಾಣದಾದಾಗ ಮತ್ತಷ್ಟು.

ಬಾಗಿಲ ಬಳಿ ಒಂದು, ಊಟದ ಹತ್ತಿರ ಒಂದು ಕಡೆ ನೀರಿಡಿ. ದೊಡ್ಡ ಲೋಟದ ಬದಲು 150 ಎಂಎಲ್‌ನ ಚಿಕ್ಕ ಲೋಟ ಇಟ್ಟರೆ ಪೋಲು ಎಷ್ಟೋ ಕಡಿಮೆ. ಲೋಟ ಮಾತ್ರ ಸಾವಿರ ಬೇಕಾಗುತ್ತದೆ, ಪ್ರತಿ ಸಲ ಹೊಸದನ್ನೇ ತೆಗೆಯುತ್ತಾರೆ.

ಮಧ್ಯಾಹ್ನ ಒಂದಕ್ಕೆ ಒಮ್ಮೆ ಖಾಲಿ ಕ್ಯಾನ್ ಎಣಿಸಿ. ನಾಲ್ಕಿದ್ದರೆ ಸರಿಯಾಗಿದೆ. ಆರು ದಾಟಿದ್ದರೆ ಆಗಲೇ ನೀರಿನವರಿಗೆ ಫೋನ್ ಮಾಡಿ. ಮದುವೆ ಮುಹೂರ್ತದ ದಿನವಾದರೆ ಎರಡು ಗಂಟೆ ಮೇಲೆ ಗಾಡಿ ಸಿಗುವುದು ಕಷ್ಟ.