1/2 + 1/3 = 2/5 ಎಂದು ಬರೆಯುವ ಮಕ್ಕಳಿಗೆ ಕಾಗದದ ಪಟ್ಟಿಯಲ್ಲಿ ಪಾಠ

ಐದು, ಆರನೇ ತರಗತಿಯಲ್ಲಿ 1/2 + 1/3 ಕೊಟ್ಟು ನೋಡಿ. 2/5 ಎಂಬ ಉತ್ತರ ಒಂದೆರಡು ಪುಸ್ತಕದಲ್ಲಾದರೂ ಸಿಕ್ಕೇ ಸಿಗುತ್ತದೆ. ಮೇಲಿನವನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದ್ದಾರೆ. ಇದನ್ನು ಅಜಾಗರೂಕತೆ ಎಂದು ಕೆಂಪು ಗೆರೆ ಎಳೆದರೆ ಪ್ರಯೋಜನವಿಲ್ಲ, ಏಕೆಂದರೆ ಮಗು ಹೀಗೆ ಮಾಡುವುದಕ್ಕೆ ಕಾರಣಗಳಿವೆ.

ಮೊದಲ ಕಾರಣ, ಮಗುವಿಗೆ 1/3 ಇನ್ನೂ ಒಂದು ಸಂಖ್ಯೆಯಾಗಿ ಕಾಣುತ್ತಿಲ್ಲ. ಗೆರೆಯ ಮೇಲೊಂದು, ಕೆಳಗೊಂದು ಎರಡು ಬೇರೆ ಸಂಖ್ಯೆಗಳಾಗಿ ಕಾಣುತ್ತಿದೆ. ಭಿನ್ನರಾಶಿಗಳ ಗುಣಾಕಾರ ಕಲಿತ ಮೇಲೆ ಈ ಅಭ್ಯಾಸ ಇನ್ನೂ ಗಟ್ಟಿಯಾಗುತ್ತದೆ, ಅಲ್ಲಿ ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸುವುದೇ ಸರಿಯಾದ ಕ್ರಮ. ಪರೀಕ್ಷೆಯ ಅಂಕಗಳೂ ಇದನ್ನೇ ಹೇಳುತ್ತವೆ: ಕನ್ನಡದಲ್ಲಿ ಹತ್ತಕ್ಕೆ ಎಂಟು, ಗಣಿತದಲ್ಲಿ ಹತ್ತಕ್ಕೆ ಏಳು, ಒಟ್ಟು ಇಪ್ಪತ್ತಕ್ಕೆ ಹದಿನೈದು. ಅದು ತಪ್ಪಲ್ಲ. ಅಲ್ಲಿ ಪ್ರಶ್ನೆಪತ್ರಿಕೆ ಎರಡಾದ್ದರಿಂದ ‘ಪೂರ್ಣ’ವೂ ಹತ್ತರಿಂದ ಇಪ್ಪತ್ತಕ್ಕೆ ಬೆಳೆಯಿತು. ಆದರೆ 1/2 + 1/3 ಎಂದಾಗ ಎರಡು ಭಾಗಗಳನ್ನೂ ಅಳೆಯುವುದು ಅದೇ ಒಂದು ಪೂರ್ಣದಿಂದ.

ಕಪ್ಪುಹಲಗೆಯ ಚಿತ್ರವೇ ಕೆಲವೊಮ್ಮೆ ತಪ್ಪನ್ನು ಬೆಂಬಲಿಸುತ್ತದೆ ಎಂಬುದನ್ನು ನಾವು ಗಮನಿಸುವುದಿಲ್ಲ. ಎರಡು ಮನೆಯ ಒಂದು ಪಟ್ಟಿ ಬರೆದು ಒಂದಕ್ಕೆ ಬಣ್ಣ, ಪಕ್ಕದಲ್ಲಿ ಮೂರು ಮನೆಯ ಪಟ್ಟಿ ಬರೆದು ಒಂದಕ್ಕೆ ಬಣ್ಣ. ಈಗ ಮಗು ಎಣಿಸಿದರೆ ಒಟ್ಟು ಐದು ಮನೆ, ಬಣ್ಣ ಹಚ್ಚಿದ್ದು ಎರಡು. ಚಿತ್ರ 2/5 ಎಂದೇ ಹೇಳುತ್ತಿದೆ! ಹಾಗಾಗಿ ಚಿತ್ರ ಬರೆದರೆ ಸಾಲದು, ಎರಡೂ ಭಾಗಗಳು ಒಂದೇ ಪೂರ್ಣದ ಮೇಲೆ ಕೂರಬೇಕು.

ಮೊದಲು ಅಂದಾಜು. ಲೆಕ್ಕ ಶುರುವಾಗುವ ಮೊದಲೇ ಕೇಳಿ: ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಉತ್ತರ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ‘ಹೆಚ್ಚು’ ಎಂದ ಮೇಲೆ 1/2 + 1/2 ಅನ್ನು ಮಗುವಿನ ವಿಧಾನದಲ್ಲೇ ಮಾಡಿಸಿ. 2/4 ಬರುತ್ತದೆ, ಅಂದರೆ ಮತ್ತೆ ಅರ್ಧವೇ. ಎರಡು ಅರ್ಧ ಸೇರಿದರೂ ಅರ್ಧವೇ ಉಳಿಯಿತೇ ಎಂದು ಮಗುವೇ ತಡೆದು ಯೋಚಿಸಲಿ. ಇಲ್ಲಿ ನೀವು ಉತ್ತರ ಹೇಳಬೇಡಿ.

ಆಮೇಲೆ ಪಟ್ಟಿ. 12 ಸೆಂ.ಮೀ. ಉದ್ದದ, ಒಂದೇ ಅಳತೆಯ ಮೂರು ಕಾಗದದ ಪಟ್ಟಿ ಕತ್ತರಿಸಿ. ಒಂದು ಹಾಗೇ ಇರಲಿ, ಅದೇ ಪೂರ್ಣ. ಎರಡನೆಯದರಿಂದ ಅರ್ಧ, ಅಂದರೆ 6 ಸೆಂ.ಮೀ., ಮೂರನೆಯದರಿಂದ ಮೂರನೇ ಒಂದು ಭಾಗ, ಅಂದರೆ 4 ಸೆಂ.ಮೀ. ಕತ್ತರಿಸಿ, ಎರಡನ್ನೂ ಪೂರ್ಣ ಪಟ್ಟಿಯ ಮೇಲೆ ಒಂದರ ಪಕ್ಕ ಒಂದು ಇಡಿಸಿ. 10 ಸೆಂ.ಮೀ. ಮುಚ್ಚುತ್ತದೆ, ತುದಿಯಲ್ಲಿ 2 ಸೆಂ.ಮೀ. ಖಾಲಿ ಉಳಿಯುತ್ತದೆ. 2/5 ಆಗಿದ್ದರೆ 5 ಸೆಂ.ಮೀ. ಕೂಡ ಮುಚ್ಚುತ್ತಿರಲಿಲ್ಲ.

ಮುಚ್ಚಿದ ಭಾಗಕ್ಕೆ ಈಗ ಹೆಸರು ಬೇಕು. ಎರಡು ತುಂಡುಗಳ ಅಳತೆ ಬೇರೆ ಬೇರೆ ಇರುವುದರಿಂದ ‘ಎರಡು ತುಂಡು’ ಎಂದರೆ ಏನೂ ತಿಳಿಯದು. ಎರಡನ್ನೂ ಉಳಿಕೆಯಿಲ್ಲದೆ ಅಳೆಯುವ ಒಂದು ಚಿಕ್ಕ ತುಂಡು ಹುಡುಕಲು ಹೇಳಿ. ಖಾಲಿ ಉಳಿದ 2 ಸೆಂ.ಮೀ. ಜಾಗವೇ ಸುಳಿವು ಕೊಡುತ್ತದೆ. ಅಂಥ ತುಂಡು ಪೂರ್ಣದಲ್ಲಿ ಆರು, ಅರ್ಧದಲ್ಲಿ ಮೂರು, ಮೂರನೇ ಒಂದರಲ್ಲಿ ಎರಡು. ಹೀಗಾಗಿ 3/6 + 2/6 = 5/6. ಸಮಚ್ಛೇದ ಮಾಡುವುದು ಎಂದರೆ ಈ ತುಂಡನ್ನು ಹುಡುಕುವುದೇ, ಲ.ಸಾ.ಅ. ಅದಕ್ಕೆ ಹತ್ತಿರದ ದಾರಿ. ಆರು ಎಂಬ ಛೇದ ತುಂಡಿನ ಅಳತೆ ಹೇಳುತ್ತದೆ, ಕೂಡಿಸಿದರೂ ತುಂಡಿನ ಅಳತೆ ಬದಲಾಗುವುದಿಲ್ಲ.

ಚೌಕಟ್ಟು ಬಳಸುವಾಗ ಎಚ್ಚರ. ಎರಡು ಸಾಲು, ಮೂರು ಕಂಬದ ಆಯತ ಬರೆದರೆ ಆರು ಮನೆ ತಾನಾಗಿಯೇ ಸಿಗುತ್ತವೆ. ಆದರೆ ಒಂದು ಸಾಲಿಗೆ ಮತ್ತು ಒಂದು ಕಂಬಕ್ಕೆ ಬಣ್ಣ ಹಚ್ಚಿದಾಗ ಒಂದು ಮನೆಗೆ ಎರಡು ಬಾರಿ ಬಣ್ಣ ಬೀಳುತ್ತದೆ, ಮಗು ನಾಲ್ಕೇ ಮನೆ ಎಣಿಸಿ 4/6 ಎನ್ನುತ್ತದೆ. ಬಣ್ಣದ ಬದಲು ಹುಣಸೆಬೀಜ ಇಡಿಸಿ. ಎರಡು ಬೀಜ ಬಿದ್ದ ಮನೆಯಿಂದ ಒಂದನ್ನು ಖಾಲಿ ಮನೆಗೆ ಸರಿಸಿದರೆ ಐದು ಮನೆ ತುಂಬುತ್ತವೆ. ಕೈಯಲ್ಲಿ ಬರೆದ ವೃತ್ತವನ್ನು ಈ ಪಾಠಕ್ಕೆ ನಾನು ಸೂಚಿಸುವುದಿಲ್ಲ. ಮೂರು ಸಮಭಾಗ ಮಾಡುವುದೇ ಮಕ್ಕಳಿಗೆ ಕಷ್ಟ.

ಉತ್ತರ ಒಂದನ್ನು ಮೀರುವ ಲೆಕ್ಕದಲ್ಲಿ ಹಳೆಯ ತಪ್ಪು ಮತ್ತೆ ತಲೆ ಎತ್ತಬಹುದು. 2/3 + 3/4 ಮಾಡುವಾಗ ಎರಡು ಪಟ್ಟಿ ಬೇಕಾಗುತ್ತದೆ, ಒಂದೊಂದರಲ್ಲೂ ಹನ್ನೆರಡು ತುಂಡು. ಕೆಲವರು ಇಪ್ಪತ್ತನಾಲ್ಕು ತುಂಡು ಎಣಿಸಿ 17/24 ಬರೆಯುತ್ತಾರೆ. ‘ಪೂರ್ಣ ಎಂದರೆ ಯಾವ ಪಟ್ಟಿ?’ ಎಂದು ಕೇಳಿ, ಒಂದು ಪಟ್ಟಿಯ ಮೇಲೆ ಕೈ ಇಡಿಸಿ. ಉತ್ತರ 17/12 ಎಂಬುದು ಆಗ ಕಾಣುತ್ತದೆ.

ಮಗುವಿಗೆ ನಿಜಕ್ಕೂ ತಿಳಿಯಿತೇ ಎಂದು ನೋಡಲು ಲ.ಸಾ.ಅ. ಲೆಕ್ಕ ಕೊಡಬೇಡಿ, ಅದನ್ನು ಬಾಯಿಪಾಠದಿಂದಲೂ ಮಾಡಬಹುದು. ಅಮೆರಿಕದಲ್ಲಿ 1978ರಲ್ಲಿ ನಡೆದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಹದಿಮೂರು ವರ್ಷದವರಿಗೆ ಕೇಳಿದ ಪ್ರಶ್ನೆ ಇದಕ್ಕೆ ತಕ್ಕದ್ದು: 12/13 + 7/8 ಸುಮಾರು ಎಷ್ಟು, 1, 2, 19 ಅಥವಾ 21? ಸರಿ ಹೇಳಿದವರು ಶೇ. 24 ಮಾತ್ರ, 19 ಮತ್ತು 21 ಆರಿಸಿದವರೇ ಅರ್ಧಕ್ಕಿಂತ ಹೆಚ್ಚು. ಎರಡು ಪಟ್ಟಿಗಳೂ ಹೆಚ್ಚುಕಡಿಮೆ ತುಂಬಿವೆ, ಆದ್ದರಿಂದ ಉತ್ತರ 2ರ ಹತ್ತಿರ ಎಂದು ಪೆನ್ಸಿಲ್ ಹಿಡಿಯದೆ ಹೇಳಿದ ಮಗುವಿಗೆ ಮುಂದಿನ ಪಾಠ ಶುರು ಮಾಡಬಹುದು.