ಆಷಾಢದಲ್ಲಿ ಖಾಲಿಯಾಗುವ ಖಾತೆಗೆ ಗೃಹ ಸಾಲದ ಫೈಲ್ ಮಾಡಿದ್ದು

ಮದುವೆ ಅಡುಗೆ ಕಾಂಟ್ರಾಕ್ಟ್ ಮಾಡುವವರ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದರೆ ಬ್ಯಾಂಕಿನವರಿಗೆ ಗಾಬರಿಯಾಗುವುದು ಸಹಜ. ಏಪ್ರಿಲ್, ಮೇ ತಿಂಗಳಲ್ಲಿ ಆರೇಳು ಲಕ್ಷ ಬಂದಿರುತ್ತದೆ. ಆಷಾಢ ಬಂತೆಂದರೆ ಮೂವತ್ತು ಸಾವಿರವೂ ಕಾಣುವುದಿಲ್ಲ. ನಾನು ಶಿವಮೊಗ್ಗದಲ್ಲಿ ಗೃಹ ಸಾಲದ ಫೈಲ್ ಮಾಡಿಕೊಡುತ್ತೇನೆ. ಸಂಬಳದವರ ಫೈಲ್ ಸಲೀಸು. ಇಂಥವರದು ಹಾಗಲ್ಲ. ಅದಕ್ಕೇ ಒಬ್ಬ ಅಡುಗೆ ಭಟ್ಟರ ಫೈಲ್ ಹೇಗೆ ಕಟ್ಟಿದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಭಟ್ಟರು ಬಂದದ್ದು 2024ರ ಬೇಸಿಗೆಯಲ್ಲಿ. 42 ಲಕ್ಷದ ಮನೆ, 30 ಲಕ್ಷ ಸಾಲ ಬೇಕು. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಮನೆ ಬೆಲೆಯ ಶೇ. 80ರವರೆಗೆ ಕೊಡಬಹುದು. 30 ಲಕ್ಷದವರೆಗಾದರೆ ಮಿತಿ ಇನ್ನೂ ಜಾಸ್ತಿ. ಆ ಕಡೆಯಿಂದ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಆದಾಯದ ಕಡೆ.

ವರ್ಷಕ್ಕೆ 32 ಲಕ್ಷದ ವಹಿವಾಟು. ಆದಾಯ ತೆರಿಗೆಯ 44ಎಡಿ ಸೆಕ್ಷನ್ ಅಡಿ ಲೆಕ್ಕಪುಸ್ತಕ ಇಡದೆ ರಿಟರ್ನ್ ಹಾಕುವವರು ನಗದು ವಹಿವಾಟಿಗೆ ಕನಿಷ್ಠ ಶೇ. 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ. 6 ಲಾಭ ತೋರಿಸಬೇಕು. ಬಹಳ ಜನ ಆ ಕನಿಷ್ಠಕ್ಕೇ ನಿಲ್ಲುತ್ತಾರೆ. ಭಟ್ಟರೂ ಹಾಗೇ ಮಾಡುವವರಿದ್ದರು. ನಾನು ಲೆಕ್ಕ ಹಾಕಿ ತೋರಿಸಿದೆ. ಶೇ. 8 ಅಂದರೆ ವರ್ಷಕ್ಕೆ 2.56 ಲಕ್ಷ, ತಿಂಗಳಿಗೆ ಸುಮಾರು 21,300. ಅದರಲ್ಲಿ ಅರ್ಧ ಕಂತಿಗೆ ಹೋಗಬಹುದು ಅಂತ ಇಟ್ಟುಕೊಳ್ಳೋಣ. ಈ ಪ್ರಮಾಣ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ನಾನು ಮೊದಲ ಅಂದಾಜಿಗೆ ಅರ್ಧವನ್ನೇ ಹಿಡಿಯುತ್ತೇನೆ. ಹತ್ತಿರ ಹತ್ತಿರ 10,650 ಆಯಿತು. ವ್ಯಾನಿನ ಕಂತು 7,200 ಕಳೆದರೆ ಉಳಿಯುವುದು 3,450. ಶೇ. 8.5 ಬಡ್ಡಿಗೆ 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿ ಕಂತು. ಅಂದರೆ 4 ಲಕ್ಷ ಸಾಲವೂ ಸಿಗುವುದಿಲ್ಲ!

ನಿಜವಾದ ಲಾಭ ಎಷ್ಟು ಅಂತ ಕೂತು ಲೆಕ್ಕ ತೆಗೆದೆವು. ದಿನಸಿ, ತರಕಾರಿ, ಗ್ಯಾಸ್, ಬಡಿಸುವವರ ಕೂಲಿ, ವ್ಯಾನ್ ಖರ್ಚು ಎಲ್ಲ ಕಳೆದು 6.1 ಲಕ್ಷ ಉಳಿದಿತ್ತು. ಅದನ್ನೇ ತೋರಿಸಿ ಎಂದೆ. ಶೇ. 8 ಅನ್ನುವುದು ಕನಿಷ್ಠ ಮಾತ್ರ, ಅದಕ್ಕಿಂತ ಹೆಚ್ಚು ಉಳಿದಿದ್ದರೆ ಹೆಚ್ಚೇ ತೋರಿಸಬೇಕು. ತೆರಿಗೆ ಬೀಳುತ್ತದಲ್ವಾ ಎಂದು ಹಿಂಜರಿದರು. 2023-24ರಿಂದ ಹೊಸ ಪದ್ಧತಿಯಲ್ಲಿ 7 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇತ್ತು, ತೆರಿಗೆ ಸೊನ್ನೆ. 2025-26ಕ್ಕೆ ಆ ಮಿತಿ 12 ಲಕ್ಷಕ್ಕೆ ಏರಿದೆ. ಇದು ಗೊತ್ತಿಲ್ಲದೆ ಸುಮ್ನೆ ಕಡಿಮೆ ತೋರಿಸಿ ಸಾಲ ಕಳೆದುಕೊಳ್ಳುವವರು ಎಷ್ಟೋ ಜನ.

ಆದರೆ ಒಂದು ವರ್ಷದ ಒಳ್ಳೆಯ ರಿಟರ್ನ್ ಸಾಲದು. ಎರಡು ವರ್ಷದ್ದು ಕೇಳುತ್ತಾರೆ. ಹಿಂದಿನ ವರ್ಷಕ್ಕಿಂತ ಲಾಭ ದಿಢೀರ್ ಎರಡು ಪಟ್ಟಾಗಿದ್ದರೆ ಆ ಹೆಚ್ಚಳವನ್ನು ಪೂರ್ತಿ ಒಪ್ಪುವುದಿಲ್ಲ. ಎರಡು ರಿಟರ್ನ್‌ಗಳನ್ನು ಒಂದೇ ವಾರದಲ್ಲಿ ಹಾಕಿದ್ದರೆ ಸ್ವೀಕೃತಿ ಪತ್ರದ ತಾರೀಖೇ ಹೇಳಿಬಿಡುತ್ತದೆ, ಸಾಲಕ್ಕೋಸ್ಕರ ಮಾಡಿದ್ದು ಅಂತ. ಹಾಗಾಗಿ ಒಂದು ವರ್ಷ ಕಾಯೋಣ ಎಂದೆ. ಭಟ್ಟರಿಗೆ ಬೇಜಾರಾಯಿತು, ಆದರೂ ಒಪ್ಪಿದರು. 2024ರ ಜುಲೈ ಒಳಗೆ ಒಂದು ರಿಟರ್ನ್, ಮುಂದಿನ ವರ್ಷ ಗಡುವಿನೊಳಗೆ ಇನ್ನೊಂದು. ಎರಡನೇ ವರ್ಷ ವಹಿವಾಟು 36 ಲಕ್ಷ, ಲಾಭ 6.8 ಲಕ್ಷ.

ಆ ಒಂದು ವರ್ಷದಲ್ಲಿ ಮಾಡಿದ ಮುಖ್ಯ ಕೆಲಸ ಆರ್ಡರ್ ಪುಸ್ತಕ. ಭಟ್ಟರ ಹತ್ತಿರ ಒಂದು ಡೈರಿ ಇತ್ತು, ಅದರಲ್ಲಿ ತಾರೀಖು ಮತ್ತು ಛತ್ರದ ಹೆಸರು ಮಾತ್ರ. ಅದಕ್ಕೆ ಎಷ್ಟು ಎಲೆ, ಎಲೆಗೆ ಎಷ್ಟು ದರ, ಮುಂಗಡ ಎಷ್ಟು, ಬಾಕಿ ಯಾವಾಗ, ಯಾವ ದಾರಿಯಲ್ಲಿ ಬಂತು ಎಂಬುದನ್ನು ಸೇರಿಸಿದೆವು. ನಗದು ಬಂದರೆ ಮನೆಯಲ್ಲಿಟ್ಟು ದಿನಸಿ ಅಂಗಡಿಗೆ ಕೊಡುವ ರೂಢಿ ಬಿಡಿಸಿದೆ. ಮೊದಲು ಕರೆಂಟ್ ಖಾತೆಗೆ ಕಟ್ಟುವುದು, ಅಂಗಡಿಗೆ ಖಾತೆಯಿಂದಲೇ ಕೊಡುವುದು. ಇನ್ನೊಂದು ಎಚ್ಚರಿಕೆಯೂ ಹೇಳಿದೆ. ಒಂದು ಸಮಾರಂಭಕ್ಕೆ ಸಂಬಂಧಿಸಿ ಒಬ್ಬರಿಂದ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವಂತಿಲ್ಲ, ಕಂತು ಮಾಡಿ ತೆಗೆದುಕೊಂಡರೂ ಅಷ್ಟೇ. ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ದೊಡ್ಡ ಮದುವೆಗಳ ಬಾಕಿ ಬ್ಯಾಂಕ್ ಮೂಲಕವೇ ಬರಬೇಕು ಎಂದು ಗಟ್ಟಿಯಾಗಿ ಹೇಳಿದ್ದು ಅದಕ್ಕೇ.

ಆಮೇಲೆ ಮೂರು ಅಂಕಿಗಳನ್ನು ಹೊಂದಿಸಬೇಕಿತ್ತು. ಜಿಎಸ್‌ಟಿ ರಿಟರ್ನ್‌ಗಳಲ್ಲೂ ಆದಾಯ ತೆರಿಗೆ ರಿಟರ್ನ್‌ನಲ್ಲೂ ವಹಿವಾಟು 36 ಲಕ್ಷ. ಖಾತೆಗೆ ಜಮೆ ಆದದ್ದು 41.3 ಲಕ್ಷ. ಇಷ್ಟು ವ್ಯತ್ಯಾಸ ಬಿಟ್ಟು ಫೈಲ್ ಕೊಟ್ಟರೆ ಮಾರಾಟ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಬರುತ್ತದೆ. ಜಮೆಯಾದ ಪ್ರತಿ ಸಾಲನ್ನೂ ನೋಡುತ್ತಾ ಹೋದೆ. 2 ಲಕ್ಷ ಚೀಟಿ ಎತ್ತಿದ ಹಣ. 1.5 ಲಕ್ಷ ಅವರದೇ ಉಳಿತಾಯ ಖಾತೆಯಿಂದ ಬಂದದ್ದು. ಎರಡನ್ನೂ ತೆಗೆದರೆ 37.8 ಲಕ್ಷ. ಅದರಲ್ಲಿ 1.8 ಲಕ್ಷ ಗ್ರಾಹಕರಿಂದ ವಸೂಲಾದ ಶೇ. 5ರ ಜಿಎಸ್‌ಟಿ. ಉಳಿದದ್ದು ಸರಿಯಾಗಿ 36 ಲಕ್ಷ. ಇದನ್ನೇ ಒಂದು ಪುಟದಲ್ಲಿ ಬರೆದು, ಚೀಟಿ ಪಾಸ್‌ಬುಕ್ಕಿನ ಪ್ರತಿ ಸೇರಿಸಿ ಸ್ಟೇಟ್‌ಮೆಂಟ್ ಮೇಲಿಟ್ಟೆ. ಫೈಲ್ ಓದುವವರು ಪ್ರಶ್ನೆ ಕೇಳುವ ಮೊದಲೇ ಉತ್ತರ ಎದುರಿಗಿರಬೇಕು.

ಅದರ ಜೊತೆ ತಿಂಗಳುವಾರು ಜಮೆಯ ಪಟ್ಟಿ ಒಂದು. ಕಡಿಮೆ ಇರುವ ತಿಂಗಳ ಎದುರಿಗೆ ಕಾರಣ ಬರೆದೆ: ಆಷಾಢ, ಪಿತೃಪಕ್ಷ, ಧನುರ್ಮಾಸ. ಪಿತೃಪಕ್ಷದಲ್ಲಿ ತಿಥಿ ಊಟದ ಸಣ್ಣ ಆರ್ಡರ್‌ಗಳಿದ್ದವು, ಅವನ್ನೂ ಗುರುತಿಸಿದೆ. ಎರಡು ವರ್ಷದ ಪಟ್ಟಿ ಅಕ್ಕಪಕ್ಕ ಇಟ್ಟಾಗ ಏರಿಳಿತ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ರೀತಿ ಕಂಡಿತು. ಮೂರು ಕಂತಿನಷ್ಟು ಹಣ ಎಫ್‌ಡಿಯಲ್ಲಿ ಇಡಿಸಿ, ಅದರ ರಸೀದಿಯನ್ನೂ ಹಾಕಿದೆ.

ವ್ಯಾನ್ ಸಾಲದ ಕೊನೆಯ ಕೆಲವು ಕಂತುಗಳನ್ನು ಮೊದಲೇ ಕಟ್ಟಿ ಮುಗಿಸಿದೆವು. ಲಕ್ಷಕ್ಕೆ 868ರ ಲೆಕ್ಕದಲ್ಲಿ 7,200 ಅಂದರೆ 8 ಲಕ್ಷಕ್ಕೂ ಹೆಚ್ಚು ಗೃಹ ಸಾಲದ ಜಾಗ. ಸಿಬಿಲ್ ವರದಿಯಲ್ಲಿ ಮುಕ್ತಾಯ ಕಾಣಲು ಸಮಯ ಹಿಡಿಯುತ್ತದೆ, ಹಾಗಾಗಿ ಸಾಲ ತೀರಿದ ಪತ್ರವನ್ನೇ ಫೈಲಿಗೆ ಹಾಕಿದೆ. ಈಗ ಲೆಕ್ಕ ಹೀಗಿತ್ತು: ಎರಡು ವರ್ಷದ ಸರಾಸರಿ ಲಾಭ 6.45 ಲಕ್ಷ, ತಿಂಗಳಿಗೆ 53,750, ಅರ್ಧ ಅಂದರೆ 26,875. 30 ಲಕ್ಷಕ್ಕೆ ಕಂತು ಸುಮಾರು 26,040.

ಅರ್ಜಿ ಕೊಟ್ಟ ಮೇಲೆ ಕ್ರೆಡಿಟ್ ಆಫೀಸರ್ ಪಾತ್ರೆ ಇಡುವ ಶೆಡ್ಡಿಗೇ ಬಂದರು. ಈ ಭೇಟಿಯಲ್ಲಿ ನಾನು ಬಾಯಿ ಹಾಕುವುದಿಲ್ಲ. ಏಜೆಂಟ್ ಉತ್ತರ ಕೊಟ್ಟರೆ ವ್ಯಾಪಾರ ನಿಜವಾಗಿ ಇವರದ್ದೇನಾ ಎಂಬ ಸಂಶಯ ಬರುತ್ತದೆ. "ಭಟ್ರೇ, ಐನೂರು ಎಲೆಗೆ ಅಕ್ಕಿ ಎಷ್ಟು ಬೇಕು? ಬಡಿಸೋಕೆ ಎಷ್ಟು ಜನ?" ಎಂದು ಕೇಳಿದರು. ಭಟ್ಟರು ಯೋಚಿಸದೆ ಹೇಳಿದರು. ಆಮೇಲೆ ಆಫೀಸರ್ ಆರ್ಡರ್ ಪುಸ್ತಕದ ಯಾವುದೋ ಪುಟ ತೆರೆದು, ಅಲ್ಲಿದ್ದ ಮುಂಗಡವನ್ನು ಸ್ಟೇಟ್‌ಮೆಂಟಿನಲ್ಲಿ ಹುಡುಕಿದರು. ಅದೇ ತಾರೀಖಿಗೆ ಅದೇ ಮೊತ್ತ ಇತ್ತು. ದಿನಸಿ ಅಂಗಡಿಗೂ ಫೋನ್ ಮಾಡಿದರು.

ಕೊನೆಗೆ ಕೇಳಿದ್ದು ಕೈಯಿಂದ ಹಾಕುವ 12 ಲಕ್ಷದ ಮೂಲ. ಇದಕ್ಕೆ ಚಿನ್ನದ ಸಾಲ ತೆಗೆದಿದ್ದರೆ ಅದರ ಹೊರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಭಟ್ಟರದ್ದು ಹಳೆಯ ಎಫ್‌ಡಿ ಮತ್ತು ಚೀಟಿಯ ಹಣ, ಎರಡಕ್ಕೂ ಕಾಗದ ಇತ್ತು. ಮಾರುವವರಿಗೆ ಕೊಟ್ಟ ಮುಂಗಡವನ್ನೂ ಚೆಕ್ ಮೂಲಕವೇ ಕೊಡಿಸಿದ್ದೆ, ಯಾಕೆಂದರೆ ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. ಕೇಳಿದ 30 ಲಕ್ಷ ಮಂಜೂರಾಯಿತು. ಕಂತಿನ ತಾರೀಖನ್ನು ಮಾತ್ರ ತಿಂಗಳ ಮೊದಲ ವಾರಕ್ಕೆ ಬೇಡ, 10ರ ನಂತರ ಇಡಿ ಎಂದು ಕೇಳಿಕೊಂಡೆವು. ಭಟ್ಟರಿಗೆ ಹಿಂದಿನ ವಾರದ ಮದುವೆಗಳ ಬಾಕಿ ಕೈಸೇರುವುದು ಆ ಹೊತ್ತಿಗೆ.