ನಿಮ್ಮದೇ ಹೆಸರಿನ ಇನ್ನೊಬ್ಬರ ಸಾಲ ನಿಮ್ಮ ಸಿಬಿಲ್‌ಗೆ ಬಂದರೆ

ನಮ್ಮ ಪಕ್ಕದ ಮನೆಯ ಹುಡುಗ ಉಡುಪಿಯಲ್ಲಿ ಮನೆ ಕಟ್ಟಲು ಸಾಲ ಕೇಳಿದ್ದ. ಸಂಬಳ ಚೆನ್ನಾಗಿದೆ, ಜಾಗದ ಕಾಗದ ಸರಿಯಿದೆ. ಆದರೂ ಅರ್ಜಿ ವಾಪಸ್ ಬಂತು. ಬೈಕ್ ಸಾಲದ ಕಂತು ಬಾಕಿ ಇದೆ ಅಂದರಂತೆ. "ಅಕ್ಕಾ, ನಾನು ಬೈಕ್ ತೆಗೆದದ್ದು ಕೈದುಡ್ಡಿನಲ್ಲಿ. ಇದು ಯಾರ ಸಾಲ?" ಎಂದು ತನ್ನ ಸಿಬಿಲ್ ವರದಿ ಹಿಡಿದುಕೊಂಡು ನಮ್ಮ ಜಗಲಿಗೆ ಬಂದ. ಬ್ಯಾಂಕಿನ ಸಾಲ ವಿಭಾಗದಲ್ಲಿ ಬಹಳ ವರ್ಷ ಕೂತವಳು ನಾನು. ಮೊದಲ ಪುಟ ನೋಡಿದಾಗಲೇ ಅನುಮಾನ ಬಂತು.

ಅವನ ಹೆಸರು ಸುರೇಶ್ ಶೆಟ್ಟಿ ಅಂತ ಇಟ್ಟುಕೊಳ್ಳೋಣ. ನಮ್ಮ ಕಡೆಯ ಯಾವ ಮದುವೆ ಹಾಲ್‌ನಲ್ಲಿ ಈ ಹೆಸರು ಕೂಗಿದರೂ ನಾಲ್ಕು ಜನ ತಿರುಗಿ ನೋಡುತ್ತಾರೆ. ಊರಲ್ಲಿ ನಮಗೆ ಗೊಂದಲ ಆಗುವುದಿಲ್ಲ. ಒಬ್ಬ ಮೇಲ್ಮನೆಯ ಸುರೇಶ, ಇನ್ನೊಬ್ಬ ಮುಂಬೈ ಸುರೇಶ. ಆದರೆ ಸಾಲದ ಅರ್ಜಿಯಲ್ಲಿ ಮನೆ ಹೆಸರು ಬರೆಯುವುದಿಲ್ಲವಲ್ಲ.

ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಎಂಬ ನಾಲ್ಕು ಕಂಪನಿಗಳು ನಮ್ಮ ಸಾಲದ ಲೆಕ್ಕ ಇಡುತ್ತವೆ. ಸಾಲ ಕೊಟ್ಟವರು ಕಳಿಸುವ ಹೆಸರು, ಹುಟ್ಟಿದ ದಿನ, ಪ್ಯಾನ್, ಫೋನ್, ವಿಳಾಸ ಎಲ್ಲ ಹೋಲಿಸಿ, ಯಾವ ಸಾಲ ಯಾರದು ಎಂದು ಕಂಪ್ಯೂಟರ್ ಜೋಡಿಸುತ್ತದೆ. ಪ್ಯಾನ್ ಇಲ್ಲದೆಯೋ ತಪ್ಪಾಗಿಯೋ ಬಂದರೆ ಉಳಿದದ್ದನ್ನೇ ನಂಬಬೇಕು. ಇಲ್ಲಿಯೇ ಎಡವಟ್ಟಾಗುವುದು. ನಮ್ಮ ಸುರೇಶನ ಹುಟ್ಟಿದ ದಿನ ದಾಖಲೆಯಲ್ಲಿ ಜನವರಿ 1. ಸರಿಯಾದ ತಾರೀಕು ಗೊತ್ತಿಲ್ಲದ ಎಷ್ಟೋ ಜನರಿಗೆ ದಾಖಲೆಯಲ್ಲಿ ಬಿದ್ದಿರುವುದು ಇದೇ ದಿನ. ಇಬ್ಬರು ಸುರೇಶರಿಗೂ ಜನವರಿ 1, ಇಬ್ಬರಿಗೂ ಪಿನ್ ಕೋಡ್ 576101. ಎರಡು ಲೆಕ್ಕ ಒಂದಾಗಲು ಇಷ್ಟು ಸಾಕು.

ಹೀಗಾದಾಗ ಎಲ್ಲರೂ ಮೊದಲು ಸಾಲದ ಪಟ್ಟಿ ನೋಡುತ್ತಾರೆ. ನೀವು ಗುರುತಿನ ವಿವರ ಇರುವ ಭಾಗದಿಂದ ಶುರು ಮಾಡಿ. ಅಲ್ಲಿರುವ ಪ್ಯಾನ್, ಫೋನ್ ನಂಬರ್, ವಿಳಾಸಗಳನ್ನು ಒಂದೊಂದಾಗಿ ಓದಿ. ನಿಮ್ಮದಲ್ಲದ ಎರಡನೇ ಪ್ಯಾನ್ ಕಂಡರೆ ಇಬ್ಬರ ಲೆಕ್ಕ ಬೆರೆತಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಇಲ್ಲ. ಪ್ಯಾನ್ ಓದುವಾಗ ಹತ್ತೂ ಅಕ್ಷರ ಓದಬೇಕು. ನಾಲ್ಕನೆಯದು P ಅಂದರೆ ವ್ಯಕ್ತಿಯ ಪ್ಯಾನ್ ಎಂದರ್ಥ, ಐದನೆಯದು ಕೊನೆಯ ಹೆಸರಿನ ಮೊದಲ ಅಕ್ಷರ. ಹಾಗಾಗಿ ಇಬ್ಬರು ಶೆಟ್ಟರ ಪ್ಯಾನ್‌ನಲ್ಲಿ ನಡುವೆ PS ಇದ್ದೇ ಇರುತ್ತದೆ. ಕಣ್ಣು ಹಾಯಿಸಿದರೆ ಎರಡೂ ಒಂದೇ ಥರ ಕಾಣುತ್ತವೆ. ಸುರೇಶ ತನ್ನ ವರದಿಯನ್ನು ಮೂರು ಸಲ ಓದಿದ್ದರೂ ಅಲ್ಲಿ ಎರಡು ಪ್ಯಾನ್ ಇದ್ದದ್ದು ಅವನಿಗೆ ಗೊತ್ತಾಗಿರಲಿಲ್ಲ. ಬೆರಳಿಟ್ಟು ಓದಿಸಿದೆ. ಕೊನೆಯ ಐದು ಬೇರೆಯೇ ಇದ್ದವು.

ಗುರುತಿನ ಭಾಗದಲ್ಲಿ ನಿಮ್ಮ ಪ್ಯಾನ್ ಒಂದೇ ಇದ್ದು ಗೊತ್ತಿಲ್ಲದ ಸಾಲ ಮಾತ್ರ ಇದ್ದರೆ, ಅದು ಯಾವ ಪ್ಯಾನ್ ಮೇಲೆ ಕೊಟ್ಟ ಸಾಲ ಎಂದು ಸಾಲ ಕೊಟ್ಟವರನ್ನೇ ಕೇಳಬೇಕು. ನಿಮ್ಮ ಪ್ಯಾನ್ ಮೇಲೆಯೇ ಯಾರೋ ಸಾಲ ತೆಗೆದಿದ್ದರೆ ಅದು ಹೆಸರಿನ ಗೊಂದಲ ಅಲ್ಲ, ಮೋಸ. ಅದಕ್ಕೆ ಪೊಲೀಸ್ ದೂರು ಬೇಕು.

ನನ್ನದಲ್ಲ ಎಂದು ಬರೆಯುವ ಮೊದಲು ಎರಡು ವಿಷಯ ಖಾತ್ರಿ ಮಾಡಿಕೊಳ್ಳಿ. ಮೊದಲನೆಯದು ಬ್ಯಾಂಕಿನ ಹೆಸರು. ನಮ್ಮ ಜಿಲ್ಲೆಗಳಲ್ಲಿ ಇದು ತುಂಬಾ ಮುಖ್ಯ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ನೀವು ಸಿಂಡಿಕೇಟ್‌ನಲ್ಲಿ ಮಾಡಿದ ಹಳೇ ಸಾಲ ಈಗ ಕೆನರಾ ಹೆಸರಲ್ಲಿ ಕಾಣಬಹುದು. ಎರಡನೆಯದು ಜಾಮೀನು. ಯಾರಿಗೋ ಜಾಮೀನು ಹಾಕಿ ಮರೆತಿರುತ್ತೇವೆ. ಪ್ರತಿ ಸಾಲದ ಎದುರು ಅದು ಒಬ್ಬರದೋ, ಜಂಟಿಯೋ, ಜಾಮೀನೋ ಎಂದು ಬರೆದಿರುತ್ತದೆ. ಜಾಮೀನು ಎಂದಿದ್ದರೆ ಆ ಸಾಲ ನಿಮ್ಮ ಲೆಕ್ಕದಲ್ಲಿ ಇರುವುದು ಸರಿಯೇ.

ಸುರೇಶನದು ಇವೆರಡೂ ಅಲ್ಲ. ನಾವು ಒಂದೇ ದಿನ ಎರಡು ಕಡೆ ದೂರು ಕೊಟ್ಟೆವು. ವರದಿ ಕೊಟ್ಟ ಕಂಪನಿಯ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್ ಎಂಬ ಜಾಗ ಇರುತ್ತದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಸಿಬಿಲ್ ಆದರೆ ವರದಿಯ ಮೇಲಿರುವ ಕಂಟ್ರೋಲ್ ನಂಬರ್ ಬೇಕು. ಅಲ್ಲಿ ಬಾಕಿ ಮೊತ್ತ ತಪ್ಪು ಎಂದು ಗುರುತು ಹಾಕಬೇಡಿ. ಹಾಗೆ ಹಾಕಿದರೆ ಸಾಲ ನಿಮ್ಮದೇ ಎಂದು ಒಪ್ಪಿಕೊಂಡಂತೆ ಆಗುತ್ತದೆ. ಈ ಖಾತೆಯೇ ನನ್ನದಲ್ಲ ಎಂದು ಹಾಕಬೇಕು. ಜೊತೆಗೆ ಆ ಎರಡನೇ ಪ್ಯಾನ್, ಫೋನ್, ವಿಳಾಸ ತೆಗೆಯಲು ಬೇರೆಯಾಗಿ ಕೇಳಬೇಕು. ಅವು ಉಳಿದರೆ ಇನ್ನೊಬ್ಬ ಸುರೇಶನ ಮುಂದಿನ ಸಾಲವೂ ಇಲ್ಲಿಗೇ ಬಂದು ಸೇರಬಹುದು. ಜಾಸ್ತಿ ಜನ ಬಿಟ್ಟುಬಿಡುವುದು ಇದನ್ನೇ.

ವರದಿ ಕಂಪನಿ ತಾನಾಗಿಯೇ ಸಾಲವನ್ನು ಅಳಿಸುವುದಿಲ್ಲ. ಸಾಲ ಕೊಟ್ಟವರು ಹೌದು ಅನ್ನಬೇಕು. ಅದಕ್ಕೇ ಎರಡನೇ ದೂರು ಬೈಕ್ ಸಾಲ ಕೊಟ್ಟ ಫೈನಾನ್ಸ್ ಕಂಪನಿಗೆ. ಅದರಲ್ಲಿ ನಾವು ಬರೆದದ್ದು ಇಷ್ಟೇ:

"ನನ್ನ ಹೆಸರು, ತಂದೆಯ ಹೆಸರು, ಪ್ಯಾನ್ ಇಂತಿವೆ. ಪ್ರತಿ ಲಗತ್ತಿಸಿದ್ದೇನೆ. ಈ ನಂಬರಿನ ಸಾಲ ನಾನು ಪಡೆದದ್ದಲ್ಲ. ನಿಮ್ಮಲ್ಲಿರುವ ಅರ್ಜಿಯ ಫೋಟೋ, ಸಹಿ, ಪ್ಯಾನ್, ತಂದೆಯ ಹೆಸರನ್ನು ನನ್ನ ದಾಖಲೆಯೊಂದಿಗೆ ಹೋಲಿಸಿ ನೋಡಿ. ಸಾಲಗಾರ ನಾನಲ್ಲ ಎಂದು ಬರಹದಲ್ಲಿ ಕೊಡಿ. ನಾಲ್ಕೂ ಕ್ರೆಡಿಟ್ ಕಂಪನಿಗಳಿಗೆ ತಿದ್ದುಪಡಿ ಕಳಿಸಿ."

ಆ ಇನ್ನೊಬ್ಬ ವ್ಯಕ್ತಿಯ ಕಾಗದ ತೋರಿಸಿ ಎಂದು ಹಟ ಹಿಡಿಯಬೇಡಿ. ಅದನ್ನು ಅವರು ಕೊಡಬಾರದು. ಹೋಲಿಸುವ ಕೆಲಸ ಅವರದು, ನಮಗೆ ಬೇಕಾದದ್ದು ಅವರ ಸಹಿ ಇರುವ ಪತ್ರ. ಈ ಹೋಲಿಕೆಯಲ್ಲಿ ತಂದೆಯ ಹೆಸರು ತುಂಬಾ ಕೆಲಸಕ್ಕೆ ಬರುತ್ತದೆ. ಪಹಣಿಯಲ್ಲಿ 'ಬಿನ್' ಎಂದು ತಂದೆಯ ಹೆಸರು ಸೇರಿಸುವುದು ಸುಮ್ನೆ ಅಲ್ಲ. ಮತದಾರರ ಪಟ್ಟಿಯಲ್ಲೂ ಹಾಗೆಯೇ, ತಂದೆ ಅಥವಾ ಗಂಡನ ಹೆಸರು ಮತ್ತು ಗುರುತಿನ ಚೀಟಿಯ ನಂಬರ್ ಸೇರಿಸಿ ನೋಡಿದರೆ ಗೊಂದಲ ಇರುವುದಿಲ್ಲ.

ಫೈನಾನ್ಸ್ ಕಂಪನಿಯ ಆಫೀಸಿನಲ್ಲಿ ಒಬ್ಬರು ಸುರೇಶನಿಗೆ, "ಸಣ್ಣ ಮೊತ್ತ ಅಲ್ವಾ, ಕಟ್ಟಿ ಮುಗಿಸಿಬಿಡಿ" ಅಂದರಂತೆ. ಅದನ್ನು ಕೇಳಿ ನನಗೆ ಸಿಟ್ಟು ಬಂತು. ದಯವಿಟ್ಟು ಹಾಗೆ ಕಟ್ಟಬೇಡಿ. ಕಟ್ಟಿದರೂ ಹಿಂದಿನ ತಿಂಗಳುಗಳ ತಡ ಅಲ್ಲೇ ಉಳಿಯುತ್ತದೆ. ರಿಯಾಯಿತಿಯಲ್ಲಿ ಮುಗಿಸಿದರೆ, ಪೂರ್ತಿ ಕಟ್ಟಿಲ್ಲ ಎಂದು ತೋರಿಸುವ 'ಸೆಟಲ್ಡ್' ಎಂಬ ಗುರುತೂ ಬೀಳುತ್ತದೆ. ಬೇರೆಯವರ ಸಾಲ ನೀವೇ ತೀರಿಸಿದ ಮೇಲೆ ಅದು ನನ್ನದಲ್ಲ ಅನ್ನುವುದೂ ಕಷ್ಟ.

ದೂರು ಕೊಟ್ಟ ತಾರೀಕನ್ನು, ದೂರಿನ ನಂಬರನ್ನು ಬರೆದಿಡಿ. ರಿಸರ್ವ್ ಬ್ಯಾಂಕ್ ನಿಯಮದಂತೆ 30 ದಿನದೊಳಗೆ ದೂರು ಬಗೆಹರಿಯಬೇಕು. ಅದರಲ್ಲಿ ಸಾಲ ಕೊಟ್ಟವರಿಗೆ ಸಿಗುವುದು 21 ದಿನ. 30 ದಾಟಿದರೆ ತಡ ಮಾಡಿದವರು ದಿನಕ್ಕೆ 100 ರೂಪಾಯಿ ನಿಮಗೆ ಪರಿಹಾರ ಕೊಡಬೇಕು. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯಿಲ್ಲದಿದ್ದರೆ cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಸುರೇಶನ ಕೆಲಸ 26ನೇ ದಿನಕ್ಕೆ ಮುಗಿಯಿತು. ಬೈಕ್ ಸಾಲ ಹೋಯಿತು, ಎರಡನೇ ಪ್ಯಾನ್ ಹೋಯಿತು. ಆದರೆ ಹಳೇ ಫೋನ್ ನಂಬರ್ ಒಂದು ಇನ್ನೂ ಅಲ್ಲೇ ಇತ್ತು, ಅದಕ್ಕೆ ಮತ್ತೊಮ್ಮೆ ಬರೆಯಬೇಕಾಯಿತು. ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತವಾಗಿ ಕೊಡಬೇಕು. ಈಗ ಅವನು ಮೂರು ತಿಂಗಳಿಗೊಮ್ಮೆ ಬೇರೆ ಬೇರೆ ಕಂಪನಿಯಿಂದ ಒಂದೊಂದು ತೆಗೆಸಿ, ಗುರುತಿನ ಭಾಗವನ್ನು ಮೊದಲು ಓದುತ್ತಾನೆ.